ಬೆಳಿಗ್ಗೆ ಬೆರಳು ‘ಟಕ್’ ಅನ್ನುತ್ತೆ, ಇದಕ್ಕೂ ಶುಗರ್‌ಗೂ ಏನು ಸಂಬಂಧ?

ಪ್ರಶ್ನೆ: ಡಾಕ್ಟ್ರೇ, ನಾನು ದಾವಣಗೆರೆಯಲ್ಲಿ ಟೈಲರಿಂಗ್ ಮಾಡ್ತೀನಿ. ವಯಸ್ಸು 49. ಎರಡು ತಿಂಗಳಿಂದ ಬೆಳಿಗ್ಗೆ ಎದ್ದಾಗ ಬಲಗೈ ಉಂಗುರದ ಬೆರಳು ಮಡಚಿಕೊಂಡೇ ಇರುತ್ತೆ. ಎಡಗೈಯಿಂದ ಎಳೆದರೆ ಟಕ್ ಅಂತ ಬಿಡುತ್ತೆ. ತಿಂಡಿ ಹೊತ್ತಿಗೆ ಸರಿಹೋಗುತ್ತೆ. ಎಂಟು ವರ್ಷದಿಂದ ಶುಗರ್ ಇದೆ. ಗೆಣ್ಣು ಸವೆದಿದೆಯಾ?

ಉತ್ತರ: ಅಮ್ಮಾ, ನೀವು ಹೇಳಿದ ರೀತಿ ನೋಡಿದರೆ ಇದು ಗೆಣ್ಣಿನ ತಪ್ಪಲ್ಲ. ಟಕ್ ಅನ್ನೋದು ಗೆಣ್ಣಲ್ಲಿ ಗೊತ್ತಾಗುತ್ತೆ, ಸಿಕ್ಕಿಕೊಳ್ಳೋದು ಅಂಗೈಯಲ್ಲಿ. ಆ ಬೆರಳಿನ ಬುಡದಲ್ಲಿ, ಅಂಗೈಗೆ ಅಡ್ಡ ಹೋಗುವ ಗೆರೆಯ ಹತ್ತಿರ ಒತ್ತಿಕೊಂಡು ಬೆರಳನ್ನು ಮಡಚಿ, ಬಿಡಿಸಿ. ಕಾಳಿನಂಥ ಗಂಟೊಂದು ಹಿಂದೆ ಮುಂದೆ ಸರಿದರೆ, ಒತ್ತಿದ ಕಡೆ ನೋವಾದರೆ, ಇದು ಬಹುಮಟ್ಟಿಗೆ ಟ್ರಿಗರ್ ಫಿಂಗರ್.

ಲಂಗಕ್ಕೆ ಲಾಡಿ ಹಾಕೋದು ನಿಮಗೆ ಹೇಳಿಕೊಡಬೇಕಿಲ್ಲ. ಲಾಡಿಯಲ್ಲಿ ಗಂಟು ಬಿದ್ದರೆ ಪಟ್ಟಿಯ ಬಾಯಲ್ಲೇ ಸಿಕ್ಕಿಕೊಳ್ಳುತ್ತೆ, ಅಲ್ವಾ? ಬೆರಳು ಮಡಚುವ ಹಗ್ಗ, ಅಂದರೆ ಟೆಂಡನ್, ಬೆರಳಿನ ಬುಡದಲ್ಲಿ ಒಂದು ಗಟ್ಟಿ ಉಂಗುರದೊಳಗೆ ನುಗ್ಗಿ ಹೋಗುತ್ತೆ. ಆ ಉಂಗುರ ದಪ್ಪವಾಗುತ್ತೆ, ಟೆಂಡನ್ ಅಲ್ಲೇ ಊದಿ ಗಂಟಾಗುತ್ತೆ. ಮಡಚುವ ಸ್ನಾಯುಗಳಿಗೆ ಬಲ ಜಾಸ್ತಿ, ಗಂಟನ್ನು ಹೇಗೋ ಒಳಗೆಳೆದುಬಿಡುತ್ತವೆ. ಬಿಡಿಸುವ ಸ್ನಾಯುಗಳಿಗೆ ಅಷ್ಟು ಶಕ್ತಿ ಇಲ್ಲ. ಅದಕ್ಕೇ ಎಡಗೈ ಬೇಕಾಗೋದು. ರಾತ್ರಿಯಿಡೀ ಬೆರಳು ಮಡಚಿಕೊಂಡು ಅಲುಗಾಡದೆ ಇರುವುದರಿಂದ ಬೆಳಿಗ್ಗೆ ಊತ ಜಾಸ್ತಿ. ಕೆಲಸ ಶುರುವಾದ ಮೇಲೆ ಸಡಿಲವಾಗುತ್ತೆ.

ಕತ್ತರಿ ಬಿಗಿಯಾಗಿ ಹಿಡಿಯೋದೂ ಇದನ್ನು ಕೆಣಕಬಹುದು. ಆದರೆ ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಅನುಮಾನ ಶುಗರ್ ಮೇಲೆ. ರಕ್ತದಲ್ಲಿನ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಮೈಯೊಳಗಿನ ಗಟ್ಟಿ ನಾರಾದ ಕೊಲಾಜನ್ ಎಳೆಗಳಿಗೆ ಅಂಟಿ, ಎಳೆಗೆ ಎಳೆ ಬೆಸೆದು ಬಿರುಸಾಗಿಸುತ್ತೆ. ಆ ಉಂಗುರ ಇರೋದೇ ಕೊಲಾಜನ್‌ನಿಂದ. ಸಾಮಾನ್ಯವಾಗಿ ನೂರರಲ್ಲಿ ಎರಡು ಮೂರು ಜನರಿಗೆ ಬರುವ ಈ ತೊಂದರೆ ಶುಗರ್ ಇದ್ದವರಲ್ಲಿ ಹತ್ತರ ತನಕ ಹೋಗುತ್ತೆ. ಅವರಿಗೆ ಒಂದೇ ಬೆರಳಿಗೆ ನಿಲ್ಲದೆ ಎರಡು ಮೂರು ಬೆರಳಿಗೂ ಬರಬಹುದು.

ಮೊದಲು ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ ಮಾಡಿಸಿ. ಐದಾರು ವಾರ ರಾತ್ರಿ ಬೆರಳು ನೆಟ್ಟಗಿರುವಂತೆ ಪಟ್ಟಿ ಹಾಕಿ ನೋಡಬಹುದು. ಎಣ್ಣೆ ಹಚ್ಚಿ ಜೋರಾಗಿ ಎಳೆಸಿಕೊಳ್ಳಬೇಡಿ.

ಇಷ್ಟಕ್ಕೆ ಬಗ್ಗದಿದ್ದರೆ ಬುಡಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಕೊಡುವ ಮೊದಲು ಶುಗರ್ ಇದೆ ಅಂತ ಮರೆಯದೆ ಹೇಳಿ. ಮಾರನೇ ದಿನದಿಂದ ಕೆಲವು ದಿನ ಶುಗರ್ ಏರುತ್ತೆ, ಮನೆಯಲ್ಲೇ ದಿನಾ ನೋಡಿಕೊಳ್ಳಬೇಕು. ಶುಗರ್ ಇಲ್ಲದವರಿಗೆ ಕೆಲಸ ಮಾಡುವಷ್ಟು ಚೆನ್ನಾಗಿ ನಿಮಗೆ ಈ ಇಂಜೆಕ್ಷನ್ ಕೆಲಸ ಮಾಡದಿರಬಹುದು. ಮತ್ತೆ ಮತ್ತೆ ಚುಚ್ಚಿಸಿಕೊಳ್ಳುವ ಬದಲು ಆಪರೇಷನ್ ಯೋಚಿಸಿ. ಆ ಜಾಗ ಮಾತ್ರ ಮರಗಟ್ಟಿಸಿ ಉಂಗುರವನ್ನು ಕೊಯ್ದು ಬಿಡಿಸುತ್ತಾರೆ, ಅದೇ ದಿನ ಮನೆಗೆ. ಶುಗರ್ ಹತೋಟಿಯಲ್ಲಿಲ್ಲದಿದ್ದರೆ ಗಾಯ ಕೀವಾಗಬಹುದು, ಹಾಗಾಗಿ ಅದನ್ನು ಇಳಿಸಿಕೊಂಡೇ ಹೋಗಿ.

ಬೆರಳು ಕೆಂಪಾಗಿ ಊದಿ, ಜ್ವರ ಬಂದು, ಸ್ವಲ್ಪ ನೆಟ್ಟಗೆ ಮಾಡಿದರೂ ಪ್ರಾಣ ಹೋಗುವಷ್ಟು ನೋವಾದರೆ ಅದು ಬೇರೆ ಕಥೆ. ಒಳಗೆ ಕೀವಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.