ಎಫ್‌ಐಆರ್ ಆಯ್ತಾ, ಬರೀ ಎನ್‌ಸಿ ಆಯ್ತಾ? ಸ್ಟೇಷನ್‌ನಲ್ಲಿ ಕೊಟ್ಟ ಕಾಗದ ಓದೋದು ಹೇಗೆ

ಪೊಲೀಸ್ ತನಿಖೆ, ಕೋರ್ಟ್ ವಿಚಾರಣೆ ಹೇಗೆ ನಡೀಬೇಕು ಅಂತ ಹೇಳೋ ಬಿಎನ್‌ಎಸ್‌ಎಸ್ ಕಾನೂನು ಓದ್ತಿರೋರಿಗೆ 173 ಮತ್ತು 174ನೇ ಕಲಂ ಪಕ್ಕಪಕ್ಕ ಇಟ್ಕೊಂಡು ಓದಿದ್ರೆ ಬೇಗ ತಲೆಗೆ ಹೋಗುತ್ತೆ. 2024ರ ಜುಲೈ 1ಕ್ಕೆ ಮುಂಚೆ ಇವೇ ಸಿಆರ್‌ಪಿಸಿ 154, 155 ಆಗಿದ್ವು. ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಟ್ಟು ಬಂದೋರು "ಕೇಸ್ ಆಗಿದೆ" ಅಂದ್ಕೊಂಡು ಸುಮ್ನಿರ್ತಾರೆ, ತಿಂಗಳು ಕಳೆದ್ಮೇಲೆ ನೋಡಿದ್ರೆ ತನಿಖೆನೇ ಶುರು ಆಗಿರಲ್ಲ, ಯಾಕಂದ್ರೆ ಅವ್ರ ಕಂಪ್ಲೇಂಟ್ 174ರ ಕೆಳಗೆ ಎನ್‌ಸಿ, ಅಂದ್ರೆ ನಾನ್-ಕಾಗ್ನಿಜಬಲ್ ಅಂತ ಬರ್ಕೊಂಡು ಅಲ್ಲೇ ನಿಂತಿರುತ್ತೆ.

ಅಪರಾಧಗಳಲ್ಲಿ ಎರಡು ಜಾತಿ. ಸಂಜ್ಞೇಯ, ಅಂದ್ರೆ ಕಾಗ್ನಿಜಬಲ್ ಆದ್ರೆ ಪೊಲೀಸರು ಕೋರ್ಟಿನ ಆದೇಶಕ್ಕೆ ಕಾಯದೆ ತನಿಖೆ ಮಾಡ್ಬಹುದು, ಅಂಥಾ ಮಾಹಿತಿ ಸಿಕ್ಕಿದ ಕೂಡ್ಲೆ ಎಫ್‌ಐಆರ್ ಹಾಕ್ಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಕೇಸ್‌ನಲ್ಲಿ ಹೇಳಿದೆ. ಅಸಂಜ್ಞೇಯ ಆದ್ರೆ ಪುಸ್ತಕದಲ್ಲಿ ಸಾರಾಂಶ ಬರ್ಕೊಂಡು ನಿಮ್ಮನ್ನ ಮ್ಯಾಜಿಸ್ಟ್ರೇಟ್ ಹತ್ರ ಹೋಗಿ ಅಂತಾರೆ. ಮ್ಯಾಜಿಸ್ಟ್ರೇಟ್ ಆದೇಶ ಇಲ್ದೆ ತನಿಖೆ ಮಾಡೋಕೆ ಅವ್ರಿಗೆ ಅಧಿಕಾರನೇ ಇಲ್ಲ. ಹಾಗಾಗಿ "ಇದು ಎನ್‌ಸಿ ಕಣಮ್ಮ, ನಾವೇನೂ ಮಾಡಕ್ಕಾಗಲ್ಲ" ಅಂದಾಗ ಅದು ಯಾವಾಗ್ಲೂ ನೆಪ ಅಲ್ಲ, ಕೆಲವು ಸಲ ಕಾನೂನೇ ಹಾಗಿದೆ.

ಒಂದು ಉದಾಹರಣೆ ತಗೊಳ್ಳೋಣ. ಬೈಕ್ ನಿಲ್ಲಿಸೋ ವಿಷಯಕ್ಕೆ ಪಕ್ಕದ ಮನೆಯವ್ನು ಕೆಟ್ಟದಾಗಿ ಬೈದು ಕೆನ್ನೆಗೆ ಹೊಡೆದ ಅಂದ್ಕೊಳ್ಳಿ. ಯಾವ ಅಪರಾಧಕ್ಕೆ ಏನು ಶಿಕ್ಷೆ ಅಂತ ಹೇಳೋ ಬಿಎನ್‌ಎಸ್ ಕಾನೂನಲ್ಲಿ ಸಾದಾ ಗಾಯ 115(2), ಬೈಗುಳ 352, ಎರಡೂ ಅಸಂಜ್ಞೇಯ, ಸೋ ಎನ್‌ಸಿ. ಅದೇ ಮನುಷ್ಯ ನೀವು ಹೊರಡೋಕೆ ಹೋದಾಗ ದಾರಿಗೆ ಅಡ್ಡ ನಿಂತು ಹೋಗೋಕೆ ಬಿಡ್ಲಿಲ್ಲ ಅಂದ್ರೆ 126(2) ಸೇರುತ್ತೆ, ಇದು ಸಂಜ್ಞೇಯ. ಕಬ್ಬಿಣದ ರಾಡ್‌ನಲ್ಲಿ ಹೊಡೆದಿದ್ರೆ 118(1), ಅದೂ ಸಂಜ್ಞೇಯ. ಮೂಳೆ ಮುರಿದಿದ್ರೆ 117(2). ಇಲ್ಲಿ ಬಿಎನ್‌ಎಸ್‌ಎಸ್ 174(4) ತುಂಬಾ ಮುಖ್ಯ: ಹತ್ತು ಅಸಂಜ್ಞೇಯ ಕಲಂ ಜೊತೆ ಒಂದೇ ಒಂದು ಸಂಜ್ಞೇಯ ಕಲಂ ಇದ್ರೂ ಇಡೀ ಕೇಸು ಸಂಜ್ಞೇಯ ಅಂತಾನೇ ಲೆಕ್ಕ.

ಆದ್ರೆ ಜನ ದೂರಿನಲ್ಲಿ ಬರೆಯೋದು "ನನ್ನ ಮೇಲೆ ಹಲ್ಲೆ ಮಾಡಿರುತ್ತಾರೆ" ಅಂತ ಒಂದೇ ಸಾಲು. ಯಾವುದ್ರಲ್ಲಿ ಹೊಡೆದ್ರು, ಎಲ್ಲಿಗೆ ಪೆಟ್ಟು ಬಿತ್ತು, ಹೋಗೋಕೆ ತಡೆದ್ರಾ, ಏನೂ ಇಲ್ಲ, ಆಗ ಓದಿದೋರಿಗೆ ಅದು ಸಾದಾ ಗಾಯದ ಥರಾನೇ ಕಾಣುತ್ತೆ. ನಡೆದಿದ್ದನ್ನ ನಡೆದ ಕ್ರಮದಲ್ಲೇ ಬರೀರಿ, ಕಲಂ ನಂಬರ್ ಬರೀದಿದ್ರೂ ಪರ್ವಾಗಿಲ್ಲ. ಇಲ್ಲದ ರಾಡ್ ಮಾತ್ರ ಸೇರಿಸ್ಬೇಡಿ, ಗಾಯದ ಸರ್ಟಿಫಿಕೇಟ್ ಬಂದಾಗ ಅದು ಹೊಂದಲ್ಲ, ನಿಜವಾದ ಭಾಗನೂ ಯಾರೂ ನಂಬಲ್ಲ. ಆಸ್ಪತ್ರೆಲಿ "ಹೊಡೆದಿದ್ದು" ಅಂತ ಹೇಳಿ ಎಂಎಲ್‌ಸಿ, ಅಂದ್ರೆ ಪೊಲೀಸ್ ಕೇಸಿಗೆ ಬೇಕಾಗೋ ಆಸ್ಪತ್ರೆ ದಾಖಲೆ ಮಾಡ್ಸಿ, ಬಿದ್ದೆ ಅಂತ ಬರೆಸಿದ್ರೆ ಆಮೇಲೆ ಬಹಳ ಕಷ್ಟ.

ಈಗ ಕಾಗದ. ಎಫ್‌ಐಆರ್ ಆಗಿದ್ರೆ ಮೇಲ್ಗಡೆ "ಪ್ರಥಮ ವರ್ತಮಾನ ವರದಿ" ಅಂತ ಇರುತ್ತೆ, ಒಳಗೆ ಠಾಣೆ ಹೆಸ್ರು, ಅಪರಾಧ ಸಂಖ್ಯೆ ಓರೆಗೆರೆ ಹಾಕಿ ವರ್ಷ, ಕಲಂಗಳು, ಕೊನೇಲಿ ನಿಮ್ಮ ಸಹಿ. ಇದ್ರ ಕಾಪಿ ಫ್ರೀಯಾಗಿ ಕೊಡ್ಬೇಕು, 173(2) ಹಾಗೇ ಹೇಳುತ್ತೆ. ಎನ್‌ಸಿಆರ್ ನಂಬರ್ ಇರೋ ಚೀಟಿ, ಬರೀ ಅರ್ಜಿ ಸ್ವೀಕೃತಿ, ಸೀಲ್ ಹಾಕಿದ ನಿಮ್ಮದೇ ಕಂಪ್ಲೇಂಟಿನ ಜೆರಾಕ್ಸ್, ಇವ್ಯಾವೂ ಎಫ್‌ಐಆರ್ ಅಲ್ಲ.

"ಮೊದ್ಲು ಎನ್‌ಕ್ವೈರಿ ಮಾಡ್ತೀವಿ" ಅಂದ್ರೆ? 173(3) ಪ್ರಕಾರ 3 ವರ್ಷ ಅಥವಾ ಅದಕ್ಕಿಂತ ಜಾಸ್ತಿ, ಆದ್ರೆ 7 ವರ್ಷದೊಳಗೆ ಶಿಕ್ಷೆ ಇರೋ ಕೇಸ್‌ಗಳಲ್ಲಿ ಡಿವೈಎಸ್‌ಪಿ ಪರ್ಮಿಷನ್ ತಗೊಂಡು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡ್ಬಹುದು. ರಾಡ್ ಕೇಸ್‌ಗೆ ಗರಿಷ್ಠ ಶಿಕ್ಷೆ 3 ವರ್ಷ, ಸೋ ಅದು ಇದ್ರೊಳಗೆ ಬರುತ್ತೆ. ಯಾವತ್ತು ಶುರು ಆಯ್ತು ಅಂತ ಕೇಳಿ ಬರೆದಿಟ್ಕೊಳ್ಳಿ.

ಸಂಜ್ಞೇಯ ಆಗಿದ್ದೂ ಎಫ್‌ಐಆರ್ ಹಾಕ್ಲಿಲ್ಲ ಅಂದ್ರೆ ಯಾಕೆ ಹಾಕಲ್ಲ ಅಂತ ಬರವಣಿಗೆಯಲ್ಲಿ ಹಿಂಬರಹ ಕೊಡಿ ಅಂತ ಕೇಳಿ. ಕೊಟ್ರೂ ಕೊಡದಿದ್ರೂ ದೂರನ್ನ ಎಸ್‌ಪಿಗೆ ಸ್ಪೀಡ್ ಪೋಸ್ಟ್ ಮಾಡಿ. ಅಲ್ಲೂ ಆಗ್ಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಮುಂದೆ 175(3) ಅರ್ಜಿ, ಅದಕ್ಕೆ ಅಫಿಡವಿಟ್ ಬೇಕು, ಎಸ್‌ಪಿಗೆ ಅರ್ಜಿ ಹಾಕಿದ್ದೂ ತೋರಿಸ್ಬೇಕು. ಆ ಪೋಸ್ಟ್ ರಸೀದಿ ಕಳ್ಕೊಂಡು ಕೋರ್ಟಿಗೆ ಹೋದ್ರೆ ಅರ್ಜಿ ಮೊದಲ ಮೆಟ್ಟಿಲಲ್ಲೇ ಸಿಕ್ಕಾಕೊಳ್ಳುತ್ತೆ, ಸೋ ಅದರ ಫೋಟೋ ಅವತ್ತೇ ತೆಗೆದಿಟ್ಕೊಳ್ಳಿ.