ಸುಟ್ಟ ಕೋಳಿಯನ್ನು ತಕ್ಷಣ ಕೊಯ್ಯಬೇಡಿ ಅಂತಾರಲ್ಲ, ಯಾಕೆ?

ಸಂಜೆ ಹೊತ್ತು ಬೆಂಗಳೂರಿನ ಯಾವುದಾದರೂ ಗ್ರಿಲ್ ಚಿಕನ್ ಅಂಗಡಿ ಮುಂದೆ ನಿಂತು ನೋಡಿ. ಕಂಬಿಯಿಂದ ಇಳಿಸಿದ ಕೋಳಿ ನೇರ ಮರದ ಹಲಗೆಗೆ ಬರುತ್ತದೆ. ಕತ್ತಿ ನಾಲ್ಕು ಸಲ ಬೀಳುತ್ತದೆ. ಒಳಗಿನಿಂದ ಹಬೆ ಎದ್ದು, ತೆಳ್ಳಗಿನ ರಸ ಹಲಗೆಯ ಮೇಲೆಲ್ಲ ಹರಿಯುತ್ತದೆ. ಪೀಸುಗಳು ಪಾರ್ಸೆಲ್ ಆಗುತ್ತವೆ, ರಸವನ್ನು ಬಟ್ಟೆ ಒರೆಸಿಕೊಳ್ಳುತ್ತದೆ. ಕ್ಯೂ ನಿಂತಿರುವಾಗ ಅಂಗಡಿಯವರು ಬೇರೇನು ಮಾಡೋಕೆ ಆಗುತ್ತೆ? ಆದರೆ ಮನೆಗೆ ಓಟಿಜಿ, ಏರ್ ಫ್ರೈಯರ್ ತಂದವರಿಗೆ ಎಲ್ಲ ಕಡೆ ಸಿಗುವ ಮೊದಲ ಬುದ್ಧಿಮಾತೇ ಇದು: ಬೆಂದ ಮಾಂಸವನ್ನು ಹತ್ತು ನಿಮಿಷ ಹಾಗೇ ಬಿಟ್ಟು ಆಮೇಲೆ ಕೊಯ್ಯಿರಿ, ಇಲ್ಲದಿದ್ದರೆ ರಸವೆಲ್ಲ ಹೋಗುತ್ತೆ.

ನಮ್ಮ ಅಜ್ಜಿಯರು ಈ ಮಾತು ಹೇಳಿದ್ದು ಕಡಿಮೆ. ಅದಕ್ಕೆ ಕಾರಣವೂ ಇದೆ. ಮಿಲಿಟರಿ ಹೋಟೆಲ್ಲಿನ ಚಾಪ್ಸ್ ಆಗಲಿ, ಮನೆಯ ನಾಟಿಕೋಳಿ ಸಾರಾಗಲಿ, ನಾವು ಬಾಡನ್ನು ಬೇಯಿಸುವ ಮೊದಲೇ ಸಣ್ಣದಾಗಿ ಕತ್ತರಿಸುತ್ತೇವೆ. ಅದು ಬಿಟ್ಟ ರಸ ಎಲ್ಲೂ ಹೋಗಲ್ಲ, ಸಾರಿಗೇ ಸೇರುತ್ತದೆ, ಮುದ್ದೆಯ ಜೊತೆ ಹೊಟ್ಟೆಗೆ ಇಳಿಯುತ್ತದೆ. ಇಡೀ ಕೋಳಿಯನ್ನೋ ಕುರಿಯ ತೊಡೆಯನ್ನೋ ಬೇಯಿಸಿ ಆಮೇಲೆ ಕೊಯ್ಯುವ ಪದ್ಧತಿ ಈ ಊರಲ್ಲಿ ಹೆಚ್ಚಾಗಿ ಇದ್ದದ್ದು ದಂಡಿನ ಕಡೆ, ಆಂಗ್ಲೋ ಇಂಡಿಯನ್ ಮನೆಗಳಲ್ಲಿ, ಕ್ರಿಸ್‌ಮಸ್ ರೋಸ್ಟ್ ಹೊತ್ತಿಗೆ. ಹಾಗಾಗಿ ಈ ಬುದ್ಧಿಮಾತೂ ಹೊರಗಿನಿಂದ ಬಂದದ್ದೇ. ಜೊತೆಗೆ ಅದಕ್ಕೆ ಕೊಡುವ ವಿವರಣೆಯೂ ಬಂತು. ಮಾತು ಮುಕ್ಕಾಲು ಪಾಲು ಸರಿ, ವಿವರಣೆ ಮಾತ್ರ ಹಲವು ಸಲ ಬದಲಾಗಿದೆ.

ಕಥೆ ಶುರುವಾಗುವುದು ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್ ಅವರಿಂದ. 1847ರಲ್ಲಿ ಅವರು ಮಾಂಸದ ರಸದ ಬಗ್ಗೆ ಒಂದು ವಾದ ಮುಂದಿಟ್ಟರು. ಮಾಂಸವನ್ನು ಮೊದಲು ಕುದಿಯುವ ನೀರಿಗೆ ಹಾಕಿದರೆ ಹೊರಗಿನ ಪ್ರೋಟೀನ್ ತಕ್ಷಣ ಗಟ್ಟಿಯಾಗಿ ಒಂದು ಕವಚ ಆಗುತ್ತದೆ, ಆ ಕವಚ ಒಳಗಿನ ರಸವನ್ನು ಹೊರಗೆ ಬಿಡುವುದಿಲ್ಲ ಎಂಬುದು ಅವರ ಲೆಕ್ಕ. ಹೆಸರು ದೊಡ್ಡದು, ಮಾತು ಹಬ್ಬಿತು. ಯುರೋಪಿನ ಅಡುಗೆಯವರು ಅದನ್ನು ಹುರಿಯುವುದಕ್ಕೂ ಸುಡುವುದಕ್ಕೂ ಹಚ್ಚಿದರು. ಜೋರು ಉರಿಯಲ್ಲಿ ಮೇಲ್ಭಾಗ ಕೆಂಪಗೆ ಮಾಡಿದರೆ ರಸ ಒಳಗೇ ಲಾಕ್ ಆಗುತ್ತೆ ಅಂತ ಇವತ್ತಿಗೂ ಹೇಳುವವರಿದ್ದಾರೆ.

ಇದು ಸುಳ್ಳು ಅಂತ ತಿಳಿಯಲು ಪ್ರಯೋಗಶಾಲೆ ಬೇಡ, ಕಿವಿ ಸಾಕು. ಕೆಂಪಗಾದ ಪೀಸು ಬಾಣಲೆಯಲ್ಲಿ ಚುರ್ ಚುರ್ ಅನ್ನುತ್ತಲೇ ಇರುತ್ತದೆ. ಒಳಗಿನ ನೀರು ಹೊರಗೆ ಬಂದು ಆವಿಯಾಗುವ ಸದ್ದು ಅದು. ಕವಚ ನಿಜವಾಗಿದ್ದರೆ ಸದ್ದು ನಿಲ್ಲಬೇಕಿತ್ತು, ಅಲ್ವಾ? 1930ರ ದಶಕದಲ್ಲೇ ತೂಕ ಹಾಕಿ ನೋಡಿದವರಿಗೆ ಕೆಂಪಗೆ ಮಾಡಿದ ಮಾಂಸ ರಸ ಉಳಿಸಿಕೊಳ್ಳುವುದಿಲ್ಲ ಅಂತ ಗೊತ್ತಾಗಿತ್ತು. ಹೆರಾಲ್ಡ್ ಮೆಗೀ 1984ರಲ್ಲಿ ಅಡುಗೆಯ ವಿಜ್ಞಾನದ ಬಗ್ಗೆ ಬರೆದಾಗ ಸಾಮಾನ್ಯ ಓದುಗರಿಗೂ ಅದು ತಲುಪಿತು. ಕೆಂಪಗೆ ಮಾಡುವುದು ರುಚಿಗೆ, ಪರಿಮಳಕ್ಕೆ. ರಸಕ್ಕೂ ಅದಕ್ಕೂ ಸಂಬಂಧವಿಲ್ಲ.

ಕವಚದ ಕಥೆ ಬಿದ್ದರೂ ಅದರ ತಮ್ಮನಂಥ ಇನ್ನೊಂದು ಕಥೆ ಉಳಿದುಕೊಂಡಿತು. ಹೊರಗಿನ ಶಾಖ ರಸವನ್ನು ಓಡಿಸಿ ನಡುಭಾಗಕ್ಕೆ ಅಟ್ಟುತ್ತದೆ, ಮಾಂಸವನ್ನು ಆರಲು ಬಿಟ್ಟರೆ ಆ ರಸ ನಿಧಾನವಾಗಿ ಅಂಚಿಗೆ ವಾಪಸ್ ಬರುತ್ತದೆ ಎಂದು. ಕೇಳೋಕೆ ಚೆನ್ನಾಗಿದೆ. ಆದರೆ ಹಸಿ ಮಾಂಸದಲ್ಲಿ ಮುಕ್ಕಾಲು ಭಾಗ ನೀರೇ. ನಡುಭಾಗ ಮೊದಲೇ ತುಂಬಿದೆ, ಅಲ್ಲಿ ಇನ್ನಷ್ಟು ರಸ ತುರುಕಲು ಜಾಗ ಎಲ್ಲಿದೆ? ಅಂಚು ಒಣಗುವುದು ಅದರ ರಸ ಒಳಗೆ ಹೋದದ್ದಕ್ಕಲ್ಲ, ತಟ್ಟೆಗೆ ತೊಟ್ಟಿಕ್ಕಿ, ಆವಿಯಾಗಿ ಹೊರಗೆ ಹೋದದ್ದಕ್ಕೆ. ವಾಪಸ್ ಬರುವ ಮಾತೂ ಅಷ್ಟೇ. ನೀರು ಮಾಂಸದೊಳಗೆ ತಾನಾಗಿ ಹರಡುವ ವೇಗ ಹತ್ತು ನಿಮಿಷಕ್ಕೆ ಒಂದೆರಡು ಮಿಲಿಮೀಟರ್ ದಾಟುವುದಿಲ್ಲ.

ಹಾಗಾದರೆ ಒಳಗೆ ಆಗುವುದೇನು? ಮಾಂಸ ಅಂದರೆ ಉದ್ದುದ್ದ ಎಳೆಗಳ ಕಟ್ಟು. ಪ್ರತಿ ಎಳೆಯೊಳಗೂ ಅದಕ್ಕಿಂತ ಸಣ್ಣ ಪ್ರೋಟೀನ್ ನೂಲುಗಳಿವೆ, ಬಹುಪಾಲು ನೀರು ಆ ನೂಲುಗಳ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಸುಮಾರು 50 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನೂಲುಗಳು ಮುದುಡಲು ಶುರುಮಾಡುತ್ತವೆ. 60 ದಾಟಿದರೆ ಎಳೆಗಳನ್ನು ಸುತ್ತಿರುವ ಪೊರೆಯೂ ಕುಗ್ಗಿ ಹಿಂಡುತ್ತದೆ. ಸಂದಿಯಿಂದ ಹೊರಬಿದ್ದ ನೀರು ಎಳೆಗಳ ನಡುವೆ ಸಡಿಲವಾಗಿ ನಿಲ್ಲುತ್ತದೆ. ಚಾಕು ಹಾಕಿದಾಗ ಹರಿದು ಬರುವುದು ಈ ಸಡಿಲ ನೀರೇ. ಮಾಂಸ ಎಷ್ಟು ಬಿಸಿಯಾಗುತ್ತದೋ ಅಷ್ಟು ಜಾಸ್ತಿ ನೀರು ಸಡಿಲವಾಗುತ್ತದೆ. ಒಂದು ಸಲ ಬೆಂದು ಮುದುಡಿದ ನೂಲು ಆರಿದ ಮೇಲೆ ಹಳೆಯ ರೂಪಕ್ಕೆ ಬರುವುದಿಲ್ಲ. ಅಂದರೆ ಆರಲು ಬಿಡುವುದರಿಂದ ಕಳೆದ ರಸವೇನೂ ಮರಳಿ ಸಿಗಲ್ಲ. ಸಡಿಲವಾಗಿರುವ ರಸ ಹರಿದು ಹೋಗುವುದು ಕಡಿಮೆಯಾಗುತ್ತದೆ, ಅಷ್ಟೇ.

ಕಡಿಮೆಯಾಗುವುದು ಯಾಕೆ ಅನ್ನುವುದಕ್ಕೆ ಮುಂದೆ ಬಂದ ವಿವರಣೆ ರಸ ಗಟ್ಟಿಯಾಗುವುದು. ಕಾಲು ಸೂಪ್ ಬೆಳಗಾಗುವಷ್ಟರಲ್ಲಿ ಜೆಲ್ಲಿ ಆಗುತ್ತಲ್ಲ, ಹಾಗೇ ಮಾಂಸದೊಳಗಿನ ರಸವೂ ಆರಿದಾಗ ಮಂದವಾಗಿ ನಿಲ್ಲುತ್ತದೆ ಎಂದು. ಇದರಲ್ಲಿ ಅರ್ಧ ಸತ್ಯವಿದೆ. ಕಾಲು ಸೂಪಿನ ಜೆಲಟಿನ್ ಗಟ್ಟಿಯಾಗುವುದು ಚೆನ್ನಾಗಿ ತಣ್ಣಗಾದ ಮೇಲೆ, ನಾವು ಕೋಳಿ ತಿನ್ನುವ 60 ಡಿಗ್ರಿ ಆಸುಪಾಸಿನಲ್ಲಿ ಅಲ್ಲ. ಅದೂ ಅಲ್ಲದೆ ಒಂದು ಗಂಟೆಯೊಳಗೆ ಬೆಂದ ಕೋಳಿಯ ಎದೆಯಲ್ಲಿ ಜೆಲಟಿನ್ ಇರುವುದೇ ಅಷ್ಟಕ್ಕಷ್ಟೆ. ಆದರೆ ಬರೀ ನೀರು ಕೂಡ 90 ಡಿಗ್ರಿಯಲ್ಲಿ ಇರುವುದಕ್ಕಿಂತ 60ರಲ್ಲಿ ಸುಮಾರು ಒಂದೂವರೆ ಪಟ್ಟು ಮಂದ. ಅದರಲ್ಲಿ ಕರಗಿದ ಪ್ರೋಟೀನ್ ಸೇರಿದರೆ ಇನ್ನೂ ಸ್ವಲ್ಪ ನಿಧಾನ. ಇದಕ್ಕಿಂತ ದೊಡ್ಡ ಕಾರಣ ಬಿಸಿಯೇ. ಓವನ್ನಿಂದ ಆಗ ತಾನೇ ತೆಗೆದ ಕೋಳಿಯ ಹೊರಪದರ 90 ಡಿಗ್ರಿ ದಾಟಿರುತ್ತದೆ. ಅಲ್ಲಿನ ನೂಲುಗಳು ಇನ್ನೂ ಮುದುಡುತ್ತಿರುತ್ತವೆ, ಕೊಯ್ದರೆ ಒಳಗಿನ ಹಬೆ ಕೂಡ ರಸವನ್ನು ತಳ್ಳಿಕೊಂಡೇ ಹೊರಬರುತ್ತದೆ. ಸ್ವಲ್ಪ ಆರಿದರೆ ಈ ಒತ್ತಡವೆಲ್ಲ ಇಳಿಯುತ್ತದೆ.

2000ದ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಅಡುಗೆ ಬರಹಗಾರ ಕೆಂಜಿ ಲೋಪೆಜ್-ಆಲ್ಟ್ ಒಂದೇ ರೀತಿ ಬೇಯಿಸಿದ ತುಂಡುಗಳನ್ನು ಬೇರೆ ಬೇರೆ ಹೊತ್ತು ಬಿಟ್ಟು ಕೊಯ್ದು ತೋರಿಸಿದರು. ತಕ್ಷಣ ಕೊಯ್ದದ್ದರ ತಟ್ಟೆಯಲ್ಲಿ ರಸದ ಕೆರೆ, ಬಿಟ್ಟು ಕೊಯ್ದದ್ದರಲ್ಲಿ ಬರೀ ಪಸೆ. ಚರ್ಚೆ ಮುಗಿಯಿತು ಅನ್ನಿಸಿತು. ಆದರೆ ಗ್ರೆಗ್ ಬ್ಲಾಂಡರ್ ಎಂಬ ಭೌತವಿಜ್ಞಾನಿ ತಕ್ಕಡಿ ಹಿಡಿದು ತಕರಾರು ತೆಗೆದರು. ಬಿಟ್ಟಾಗಲೂ ಮಾಂಸ ತೊಟ್ಟಿಕ್ಕುತ್ತದೆ, ಆವಿ ಬಿಡುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿದರೆ ವ್ಯತ್ಯಾಸ ತೀರಾ ಸಣ್ಣದು ಎಂಬುದು ಅವರ ವಾದ. ತಟ್ಟೆಗೆ ಬಿದ್ದ ರಸವನ್ನು ಪೀಸಿನಲ್ಲೇ ಒರೆಸಿ ತಿಂದರೆ ನಷ್ಟ ಏನು ಅನ್ನುವುದು ಇದಕ್ಕೆ ಸೇರಿದ ಪ್ರಶ್ನೆ. ನನಗೆ ಇಬ್ಬರ ಮಾತೂ ಒಪ್ಪಿಗೆ. ಹಲಗೆ ಮೇಲಿನ ಕೆರೆ ಕಣ್ಣಿಗೆ ದೊಡ್ಡದು, ತೂಕಕ್ಕೆ ಕೆಲವು ಚಮಚ. 1.2 ಕೆಜಿ ಕೋಳಿ ಓವನ್ನಿಂದ ಇಳಿಯುವಷ್ಟರಲ್ಲೇ ತನ್ನ ತೂಕದ ಐದನೇ ಒಂದರಿಂದ ಕಾಲು ಭಾಗ ಕಳೆದುಕೊಂಡಿರುತ್ತದೆ. ದೊಡ್ಡ ಕಳ್ಳತನ ಓವನ್ನಿನೊಳಗೇ ಆಗಿ ಹೋಗಿರುತ್ತದೆ.

ಆದ್ದರಿಂದ ಆರಲು ಬಿಡುವ ಹೊತ್ತಿನ ಅಸಲಿ ಲಾಭ ಬೇರೆ ಕಡೆ ಇದೆ. ಓವನ್ನಿಂದ ತೆಗೆದ ಮೇಲೂ ಕೋಳಿ ಬೇಯುತ್ತಲೇ ಇರುತ್ತದೆ. ಹೊರಪದರದಲ್ಲಿ ಸೇರಿಕೊಂಡ ಬಿಸಿ ಒಳಗೆ ಇಳಿಯುತ್ತದೆ, ನಡುಭಾಗದ ಬಿಸಿ ಏರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಪೂರ್ತಿ ಬೆಂದ ಮೇಲೆ ತೆಗೆದು, ಫಾಯಿಲ್ ಸುತ್ತಿ ಇಪ್ಪತ್ತು ನಿಮಿಷ ಬಿಟ್ಟರೆ ಆ ಬಿಡುವೇ ಕೋಳಿಯ ಎದೆಯನ್ನು ನಾರು ಮಾಡುತ್ತದೆ. ನಿಯಮ ಪಾಲಿಸಿಯೂ ಒಣಗಿತು ಅಂತ ಬೇಜಾರಾಗುವವರಿಗೆ ಆಗಿರುವುದು ಬಹಳ ಸಲ ಇದೇ.

ಲೆಕ್ಕ ಹಾಕಿ ನೋಡೋಣ. ಅಂಗಡಿಯಲ್ಲಿ ವಿತ್ ಸ್ಕಿನ್ ಅಂತ ಕೇಳಿ ತಂದ 1.2 ಕೆಜಿ ಕೋಳಿ. ಹೇಳದಿದ್ದರೆ ಇಲ್ಲಿ ಚರ್ಮ ಸುಲಿದೇ ಕೊಡುತ್ತಾರೆ, ಚರ್ಮವಿಲ್ಲದ ಇಡೀ ಕೋಳಿ ಓವನ್ನಿನಲ್ಲಿ ಬೇಗ ಒಣಗುತ್ತದೆ. ಹಿಂದಿನ ರಾತ್ರಿಯೇ 12 ಗ್ರಾಂ, ಅಂದರೆ ಎರಡು ಟೀ ಚಮಚದಷ್ಟು ಪುಡಿ ಉಪ್ಪು ಸವರಿ ಫ್ರಿಜ್ಜಿನಲ್ಲಿಡಿ. ಉಪ್ಪು ಹಿಡಿದ ನೂಲುಗಳು ಬೇಯುವಾಗ ಕಡಿಮೆ ನೀರು ಬಿಡುತ್ತವೆ. ರಸ ಉಳಿಸುವ ವಿಷಯದಲ್ಲಿ ಆರಲು ಬಿಡುವುದಕ್ಕಿಂತ ಇದೇ ದೊಡ್ಡ ಕೆಲಸ. ಓವನ್ 200 ಡಿಗ್ರಿ. 45 ನಿಮಿಷ ಆದ ಮೇಲೆ ಥರ್ಮಾಮೀಟರ್ ಮೊನೆಯನ್ನು ಎದೆಯ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ. ಕೋಳಿಗೆ ಸುರಕ್ಷಿತ ಅಂತ ಹೇಳುವ ಮಟ್ಟ 74 ಡಿಗ್ರಿ. 70, 71 ತೋರಿಸಿದಾಗಲೇ ಹೊರಗೆ ತೆಗೆಯಿರಿ. ಮೊನೆ ಅಲ್ಲೇ ಇರಲಿ. ಐದಾರು ನಿಮಿಷ ಅಂಕಿ ನಿಧಾನವಾಗಿ ಮೇಲೇರಿ, ಒಂದು ಕಡೆ ನಿಂತು, ಆಮೇಲೆ ಇಳಿಯಲು ಶುರುವಾಗುತ್ತದೆ. 74 ಮುಟ್ಟದೆ ಇಳಿದರೆ ಮತ್ತೆ ಓವನ್ನಿಗೆ ಹಾಕಿ. ಸಣ್ಣ ಉರಿಯಲ್ಲಿ, 150, 160 ಡಿಗ್ರಿಯಲ್ಲಿ ಬೇಯಿಸಿದ್ದರೆ ಈ ಏರಿಕೆ ಒಂದೆರಡು ಡಿಗ್ರಿ ಮಾತ್ರ, ಆಗ ಅಷ್ಟು ಬೇಗ ತೆಗೆಯಬೇಡಿ. ತೊಡೆಯ ಬುಡದಲ್ಲೂ ಒಮ್ಮೆ ನೋಡಿ, ಅದು 80ರ ಹತ್ತಿರ ಇದ್ದರೆ ತಿನ್ನೋಕೆ ಚೆನ್ನ.

ಎದೆಯ ಅಂಕಿ ತುದಿ ಮುಟ್ಟಿ ಮತ್ತೆ 65ರ ಹತ್ತಿರ ಇಳಿದಾಗ ಕೊಯ್ಯಿರಿ. ಈ ಗಾತ್ರದ ಕೋಳಿಗೆ ಅದು ಸುಮಾರು ಕಾಲು ಗಂಟೆ ಹಿಡಿಯುತ್ತದೆ, ಆದರೆ ನಂಬಬೇಕಾದ್ದು ಗಡಿಯಾರವನ್ನಲ್ಲ, ಅಂಕಿಯನ್ನು. ಫ್ಯಾನ್ ಕೆಳಗಿಟ್ಟರೆ, ಸ್ಟೀಲ್ ತಟ್ಟೆಯಲ್ಲೋ ಗ್ರಾನೈಟ್ ಕಟ್ಟೆ ಮೇಲೋ ಇಟ್ಟರೆ ಬೇಗ ಇಳಿಯುತ್ತದೆ, ಮರದ ಹಲಗೆ ಮೇಲೆ ನಿಧಾನ. ಫಾಯಿಲ್ ಬಿಗಿಯಾಗಿ ಸುತ್ತಬೇಡಿ. ಹಬೆ ಒಳಗೇ ಕೂತು ಗರಿಗರಿ ಚರ್ಮ ಒದ್ದೆ ಕಾಗದದಂತಾಗುತ್ತದೆ. ಹಲಗೆ ಮೇಲೆ ಉಳಿದ ರಸಕ್ಕೆ ಅರ್ಧ ನಿಂಬೆಹಣ್ಣು ಹಿಂಡಿ, ಚೂರು ಕಾಳುಮೆಣಸಿನ ಪುಡಿ ಹಾಕಿ ಪೀಸುಗಳ ಮೇಲೇ ಸುರಿಯಿರಿ.

ಕುರಿಯ ತೊಡೆಗೂ ಇದೇ ದಾರಿ, ಗಾತ್ರ ದೊಡ್ಡದಾದ್ದರಿಂದ ಏರಿಕೆಯೂ ಬಿಡುವೂ ಜಾಸ್ತಿ. ಆದರೆ ಮೂಳೆಯಿಂದ ಕಳಚಿ ಬರುವಷ್ಟು ಹೊತ್ತು ಬೇಯಿಸುವ ರಾನ್‌ಗೆ ಈ ಲೆಕ್ಕ ಹೊಂದಲ್ಲ. ಅಲ್ಲಿ ಎಳೆಗಳು ನೀರನ್ನು ಆಗಲೇ ಬಿಟ್ಟಾಗಿರುತ್ತವೆ, ಮೆತ್ತಗೆ ರಸವಾಗಿ ಅನ್ನಿಸುವುದು ಕರಗಿದ ಜೆಲಟಿನ್ ಮತ್ತು ಕೊಬ್ಬಿನಿಂದ. ಇನ್ನು ಶಿವಾಜಿನಗರದ ಶೀಕ್ ಕಬಾಬು, ಏರ್ ಫ್ರೈಯರಿನ ಚಿಕನ್ ಟಿಕ್ಕಾ ತರಹದ ಸಣ್ಣ ಪೀಸುಗಳು ತಟ್ಟೆಗೆ ಬಂದು ಬಾಯಿಗೆ ಹೋಗುವಷ್ಟರಲ್ಲೇ ಬೇಕಾದಷ್ಟು ಆರಿರುತ್ತವೆ. ಅವುಗಳನ್ನು ಹತ್ತು ನಿಮಿಷ ಬಿಟ್ಟರೆ ತಣ್ಣಗಾಗುತ್ತವೆ, ಅಷ್ಟೇ.