ಎಷ್ಟು ದಿನ, ಯಾವ ತಾರೀಖಿಗೆ: ರಜೆ ನಗದೀಕರಣದ ಪತ್ರ

ಸಂಬಳ ವಿಭಾಗದಲ್ಲಿ ಕೂತವರಿಗೆ ಪದೇಪದೇ ಬರುವ ಪತ್ರ ಇದು: ‘ನನ್ನ ಎಲ್ಲ ಗಳಿಕೆ ರಜೆಯನ್ನು ನಗದೀಕರಿಸಿ ಕೊಡಿ.’ ಜೊತೆಗೆ ಒಂದು ಪುಟ ಮನೆಯ ಕಷ್ಟ. ಓದಿದರೆ ಸಂಕಟವಾಗುತ್ತೆ, ಆದರೆ ಅದರಿಂದ ಒಂದು ರೂಪಾಯಿ ಲೆಕ್ಕ ಹಾಕಲೂ ಆಗಲ್ಲ.

‘ಎಲ್ಲ’ ಅಂದರೆ ಎಷ್ಟು?

ಒಬ್ಬ ಹಿರಿಯ ಆಪರೇಟರ್ ಮಗಳ ಕಾಲೇಜು ಫೀಸಿಗೆ ಅಂತ ಹೀಗೇ ಬರೆದರು. ಕಂಪ್ಯೂಟರಿನಲ್ಲಿ 38 ದಿನ ತೋರಿಸುತ್ತಿತ್ತು. ಆದರೆ ಊರ ಜಾತ್ರೆಗೆ ಹೋಗಿದ್ದ 6 ದಿನದ ಅರ್ಜಿ ಸೂಪರ್‌ವೈಸರ್ ಮಂಜೂರು ಮಾಡದೆ ಹಾಗೇ ಉಳಿದಿತ್ತು. ಅದನ್ನು ಕಳೆದರೆ ನಿಜವಾದ ಬಾಕಿ 32. ಅಲ್ಲಿನ ನಿಯಮದಲ್ಲಿ 20 ದಿನ ಖಾತೆಯಲ್ಲಿ ಉಳಿಯಲೇಬೇಕು, ಹಾಗಾಗಿ ಸಿಗುವುದು 12 ದಿನದ ಹಣ ಮಾತ್ರ. ಇಷ್ಟು ಸ್ಪಷ್ಟವಾಗುವ ಹೊತ್ತಿಗೆ ಆ ತಿಂಗಳ ಸಂಬಳದ ಪಟ್ಟಿ ಮುಚ್ಚಿತ್ತು, ಹಣ ಮುಂದಿನ ತಿಂಗಳು ಬಂತು, ಫೀಸಿಗೆ ಅವರು ಸಾಲ ಮಾಡಬೇಕಾಯಿತು. ನನಗೆ ಇವತ್ತಿಗೂ ಬೇಜಾರಿದೆ.

ಅವರು ಬರೆಯಬೇಕಿದ್ದದ್ದು ಇಷ್ಟೇ:

‘ವಿಷಯ: ಬಳಸದ 12 ದಿನಗಳ ಗಳಿಕೆ ರಜೆಯ ನಗದೀಕರಣ. ಮಾನ್ಯರೇ, ಜೂನ್ 30ಕ್ಕೆ ನನ್ನ ಗಳಿಕೆ ರಜೆಯ ಬಾಕಿ 32 ದಿನ. ಅದರಲ್ಲಿ 12 ದಿನಗಳನ್ನು ನಗದೀಕರಿಸಿ ಜುಲೈ ಸಂಬಳದ ಜೊತೆ ಪಾವತಿಸಬೇಕೆಂದು ಕೋರುತ್ತೇನೆ. ಆಮೇಲೆ ಉಳಿಯುವುದು 20 ದಿನ. ಮಂಜೂರಾಗದ ರಜೆ ಅರ್ಜಿ ಯಾವುದೂ ಇಲ್ಲ. ದಿನದ ದರ ಹೇಗೆ ಲೆಕ್ಕ ಹಾಕಿದಿರಿ ಎಂದು ದಯವಿಟ್ಟು ತಿಳಿಸಿ.’

ಕೆಳಗೆ ಹೆಸರು, ಉದ್ಯೋಗಿ ಸಂಖ್ಯೆ, ತಾರೀಖು, ಸಹಿ. ರಜೆ ಬಾಕಿಯ ಒಂದು ಪ್ರತಿಯನ್ನು ಲಗತ್ತಿಸಿ. ಕಾರಣ ಬರೆಯಬೇಕಿಲ್ಲ, ನಿಯಮವೇ ಕೇಳಿದ್ದರೆ ಒಂದು ಸಾಲು ಸಾಕು.

ತಾರೀಖು ಯಾಕೆ ಅಂತ ಜಾಸ್ತಿ ಜನ ಕೇಳುತ್ತಾರೆ. ರಜೆಯ ಬಾಕಿ ನಿಂತ ನೀರಲ್ಲ. ಹೊಸದು ಜಮಾ ಆಗುತ್ತೆ, ತೆಗೆದುಕೊಂಡದ್ದು ಕಳೆಯುತ್ತೆ. ತಾರೀಖಿಲ್ಲದ ಸಂಖ್ಯೆಯನ್ನು ನಾವು ತಾಳೆ ನೋಡುವುದಾದರೂ ಯಾವುದಕ್ಕೆ? ‘ಮಂಜೂರಾಗದ ಅರ್ಜಿ ಇಲ್ಲ’ ಅನ್ನುವ ಸಾಲನ್ನು ಸುಮ್ನೆ ಬರೆಯಬೇಡಿ, ಮೊದಲು ಸೂಪರ್‌ವೈಸರ್ ಹತ್ತಿರ ಬಾಕಿ ಅರ್ಜಿ ಮುಗಿಸಿಕೊಂಡು ಬನ್ನಿ.

ದರ ಕೇಳುವುದಕ್ಕೂ ಕಾರಣ ಇದೆ. ಮೂಲ ವೇತನ 26,000 ಅಂದುಕೊಳ್ಳಿ. ತಿಂಗಳಿಗೆ 26 ಕೆಲಸದ ದಿನ ಅಂತ 26ರಿಂದ ಭಾಗಿಸಿದರೆ 12 ದಿನಕ್ಕೆ 12,000 ರೂಪಾಯಿ, ತಿಂಗಳಿಗೆ 30 ದಿನ ಅಂತ 30ರಿಂದ ಭಾಗಿಸಿದರೆ 10,400. ಮೂಲ ವೇತನದ ಮೇಲೋ, ಭತ್ಯೆ ಸೇರಿಸಿಯೋ ಅನ್ನುವುದೂ ಕಂಪನಿಯಿಂದ ಕಂಪನಿಗೆ ಬೇರೆ. ನಿಮ್ಮ ನಿಯಮ ನೋಡದೆ ನಾನು ಖಚಿತವಾಗಿ ಹೇಳಲಾರೆ.

ಒಂದು ಮಾತ್ರ ಹೇಳಬಲ್ಲೆ. ಕೆಲಸದಲ್ಲಿ ಇರುವಾಗ ಪಡೆದ ಈ ಹಣಕ್ಕೆ ಆದಾಯ ತೆರಿಗೆ ವಿನಾಯಿತಿ ಇಲ್ಲ, ವಿನಾಯಿತಿ ಇರುವುದು ಕೆಲಸ ಬಿಡುವಾಗ ಅಥವಾ ನಿವೃತ್ತಿಯಲ್ಲಿ. ಹಾಗಾಗಿ ತೆರಿಗೆ ಕಟ್ಟುವವರಾದರೆ ಕೈಗೆ ಬರುವುದು ಸ್ವಲ್ಪ ಕಡಿಮೆ. ನಿಮ್ಮ ಖರ್ಚಿನ ಲೆಕ್ಕವನ್ನು ಕೈಗೆ ಬರುವ ಆ ಹಣದ ಮೇಲೆ ಹಾಕಿ, ಪತ್ರವನ್ನು ಸಂಬಳದ ಪಟ್ಟಿ ಮುಚ್ಚುವ ಒಂದು ವಾರ ಮೊದಲೇ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.